ಎರಡನೇ ಪುಟ

“ಒಂಬತ್ತನೇ ಕ್ಲಾಸೇ ದಾಟ್ಲಿಲ್ಲ, ಇವ್ನಿಗೆ ಕೋರ್ಟಿನ ಇಂಗ್ಲಿಷ್ ಬೇರೆ ಕೇಡು!”

ಶಿವನಿ ರೈಲ್ವೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಹಾಗಂದವನು ಮಲ್ಲಿಕಾರ್ಜುನಪ್ಪನ ಮಗ ಹೇಮಂತ್. ಡಿಗ್ರಿ ಮಾಡಿದವನು. ನನ್ನ ಅವ್ವ ಉಚ್ಚಂಗಮ್ಮ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು. ಅವಳಿಲ್ಲದಿದ್ದರೆ ಅವನ ಕೊರಳಪಟ್ಟಿ ನನ್ನ ಕೈಲಿರುತ್ತಿತ್ತು.

ನಮ್ಮ ಮನೆ, ಕುರಿಹಟ್ಟಿ ಎರಡೂ ಮಲ್ಲಿಕಾರ್ಜುನಪ್ಪನ ತೋಟದ ಹಿಂದಿವೆ. ಹೊರಗೆ ಬರಲು ಇರುವುದು ಆ ತೋಟದಂಚಿನ ಬಂಡಿದಾರಿ ಒಂದೇ. ಅದಕ್ಕೆ ಅಡ್ಡಲಾಗಿ ಬೇಲಿಯ ಕಲ್ಲುಕಂಬ ನೆಡೋಕೆ ಅಪ್ಪ ಮಗ ಆಗಲೇ ಗುಂಡಿ ತೋಡಿಸಿದ್ದರು. ಕಂಬ ನೆಟ್ಟರೆ ಕುರಿಗಳ ಜೊತೆ ನಾವೂ ದೊಡ್ಡಿಯೊಳಗೇ.

ಕೇಸು ತರೀಕೆರೆ ಕೋರ್ಟಿನಲ್ಲಿತ್ತು, ಹಾಕಿದವರು ನಾವು. ಆವತ್ತು ಆರ್ಡರ್ ಬಂದಿತ್ತು. ನಮ್ಮ ವಕೀಲರ ಗುಮಾಸ್ತ ತೀರ್ಥೇಶ ಕೋರ್ಟಿನಿಂದಲೇ ಕಾಗದದ ಫೋಟೊ ಹೊಡೆದು, ಅದರಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಕಾಪಿ ಮಾಡಿ ವಾಟ್ಸಾಪಿಗೆ ಕಳಿಸಿದ್ದ. ಆಮೇಲೆ ಫೋನೇ ಎತ್ತಲಿಲ್ಲ.

ಹೇಮಂತ್ ನನ್ನ ಮೊಬೈಲು ಕಿತ್ತುಕೊಂಡು ಓದಿದ. ಒಂದು ಸಾಲಿನ ಮೇಲೆ ಬೆರಳಿಟ್ಟ. “ನೋಡ್ರಪ್ಪಾ, ವಾದಿಗೆ ದಾರಿ ಮೇಲೆ ಯಾವ ಹಕ್ಕೂ ಇಲ್ಲ. ಇಲ್ಲೇ ಬರ್ದದೆ. ಇನ್ನೇನು ಬೇಕು?”

ಅವನ ಪಕ್ಕದಲ್ಲಿ ಕೂತಿದ್ದ ಮಲ್ಲಿಕಾರ್ಜುನಪ್ಪ ಛಾಪಾ ಕಾಗದ ಮೇಜಿನ ಮೇಲಿಟ್ಟ. ಗಾಳಿಗೆ ಹಾರದಂತೆ ಅದರ ಮೇಲೆ ಟೀ ಗ್ಲಾಸು. “ಉಚ್ಚಂಗಮ್ಮಾ, ಸೋತ್ರೂ ನಾನು ಕೈಬಿಡಲ್ಲ. ಬಂಡಿದಾರಿ ಬಿಟ್ಟುಕೊಟ್ಟೆ ಅಂತ ಹೆಬ್ಬೆಟ್ಟೊತ್ತು. ಕೆರೆ ಏರಿ ಕಡೆಯಿಂದ ಕಾಲುದಾರಿ ಕೊಡ್ತೀನಿ. ಈಗ್ಲೇ ಒತ್ತಿದ್ರೆ ಉಂಟು, ಸಂಜೆ ಮೇಲೆ ಅದೂ ಇಲ್ಲ.”

ಆ ಏರಿ ಮೇಲೆ ಮರಿ ಹಾಕಿದ ಕುರಿ ನಡೆಯುತ್ತದಾ? ಅವ್ವ ನನ್ನ ಮುಖ ನೋಡಿದಳು. “ಏನು ಮಾಡಾನಪ್ಪ? ಕಾಲುದಾರೀನಾದ್ರೂ ಉಳೀಲಿ ಕಣೋ.”

ಹೇಮಂತ್ ಓದಿದ್ದು ನಿಜವೇ ಇರಬಹುದು. ಮೊಬೈಲು ಕಸಿದುಕೊಂಡೆ. ಊರಿನ ಹುಡುಗರು ಏನು ಬೇಕಾದರೂ ಕೇಳುವ ಎಐ ಆ್ಯಪು ನನ್ನಲ್ಲೂ ಇತ್ತು. ತೀರ್ಥೇಶನ ಮೆಸೇಜನ್ನು ಪೂರ್ತಿ ಅದಕ್ಕೆ ಹಾಕಿ, ‘ಯಾರು ಗೆದ್ದರು, ಕನ್ನಡದಲ್ಲಿ ಚಿಕ್ಕದಾಗಿ ಹೇಳು’ ಅಂತ ಬರೆದೆ.

ಉತ್ತರ ಬಂತು: “ನೀವು ಹಾಕಿರುವ ಆದೇಶ ಪೂರ್ತಿಯಾಗಿಲ್ಲ. ಇದರಲ್ಲಿರುವುದು ಎರಡೂ ಕಡೆಯವರ ವಾದ ಮಾತ್ರ. ‘ಹಕ್ಕಿಲ್ಲ’ ಎಂಬುದು ಪ್ರತಿವಾದಿಯ ಮಾತು, ನ್ಯಾಯಾಲಯದ ತೀರ್ಮಾನವಲ್ಲ. ತೀರ್ಮಾನ ಶುರುವಾಗುವಲ್ಲೇ ವಾಕ್ಯ ಅರ್ಧಕ್ಕೆ ನಿಂತಿದೆ. ಯಾರು ಗೆದ್ದರು ಎಂದು ಇಷ್ಟರಿಂದ ಹೇಳಲಾಗದು. ಉಳಿದ ಭಾಗ ಸಿಕ್ಕರೆ ಹಾಕಿ.”

ನನಗೆ ಅದರ ಮೇಲೂ ರೇಗಿತು. ‘ಅಂದಾಜಿಗಾದರೂ ಹೇಳು’ ಎಂದು ಕುಟ್ಟಿದೆ.

“ಅಂದಾಜು ಹೇಳಿದರೆ ನೀವು ಅದನ್ನೇ ಆದೇಶ ಅಂದುಕೊಳ್ಳಬಹುದು. ಆದೇಶ ಹೇಗೂ ಇರಬಹುದು. ಪೂರ್ತಿ ನೋಡುವವರೆಗೆ ಇದನ್ನು ನಂಬಿ ಯಾವುದಕ್ಕೂ ಸಹಿ ಮಾಡಬೇಡಿ.”

“ಆರ್ಡರು ಅರ್ಧ ಐತೆ,” ಅಂದೆ. “ಇನ್ನೂ ಬರ್ಬೇಕು.”

“ಓಹೋ! ಮಿಷಿನ್ನೂ ನಿನ್ ಥರಾನೇ ಒಂಬತ್ತಕ್ಕೆ ಬಿಟ್ಟದೇನೋ?” ಹೇಮಂತ್ ಅಂದ. ಮತ್ತೆ ನಗು. ಟೀ ಅಂಗಡಿಯವನೂ ನಕ್ಕ.

ಮಲ್ಲಿಕಾರ್ಜುನಪ್ಪ ನಗಲಿಲ್ಲ. ಶಾಯಿ ಡಬ್ಬಿಯ ಮುಚ್ಚಳ ತೆಗೆದು ಅವ್ವನ ಮುಂದೆ ತಳ್ಳಿದ. ಅವ್ವನ ಹೆಬ್ಬೆರಳು ಎದ್ದಿತು. ನಾನು ಅವಳ ಮುಂಗೈ ಹಿಡಿದೆ. ಜೋರಾಗಿಯೇ ಹಿಡಿದೆ ಅನ್ನಿಸುತ್ತದೆ. “ಬಿಡೋ, ನೋಯ್ತದೆ,” ಅಂದಳು. ಬಿಡಲಿಲ್ಲ. ಸೋತಿದ್ದರೆ ಸೋತಿದ್ದೀವಿ ಅಂತ ಕೋರ್ಟು ಹೇಳಲಿ, ಇವನ ಬಾಯಿಂದ ಯಾಕೆ ಕೇಳಬೇಕು? ಇನ್ನೊಂದು ಕೈಯಲ್ಲಿ ತೀರ್ಥೇಶನಿಗೆ ಮತ್ತೆ ಮತ್ತೆ ಫೋನು ಹೊಡೆದೆ. ಒಂದು ರೈಲು ಬಂತು, ಹೋಯ್ತು. ಯಾರೂ ಏಳಲಿಲ್ಲ.

ಕೊನೆಗೆ ಎತ್ತಿದ. “ಕೋರ್ಟ್ ಹಾಲಲ್ಲಿದ್ದೆ ಕಣೋ. ಅರ್ಧ ಬಂತಾ? ಥೂ, ಎರಡನೇ ಪುಟ ಕಾಪೀನೇ ಮಾಡ್ಲಿಲ್ಲ. ತಡಿ.”

ಅದು ಬಂದ ಕೂಡಲೇ ಹಾಕಿದೆ. ಆ್ಯಪು ಈ ಸಲ ಅನುಮಾನಿಸಲಿಲ್ಲ: “ಈಗ ಆದೇಶ ಪೂರ್ತಿಯಾಗಿದೆ. ಸರ್ವೆ ಅಳತೆ ಮುಗಿದು ವರದಿ ಬರುವವರೆಗೆ ದಾರಿಯನ್ನು ಯಾರೂ ಮುಚ್ಚಕೂಡದು. ದಾರಿ ಯಾರದು ಎಂಬುದನ್ನು ಆಮೇಲೆ ತೀರ್ಮಾನಿಸಲಾಗುತ್ತದೆ.”

ಗೆದ್ದಿರಲಿಲ್ಲ. ಸೋತಿರಲಿಲ್ಲ. ಅಳತೆಯವರು ಯಾವಾಗ ಬರುತ್ತಾರೋ, ಅಲ್ಲಿವರೆಗೆ ಹೀಗೇ ಉಸಿರು ಬಿಗಿಹಿಡಿದು ಬದುಕಬೇಕು. ಅವ್ವನ ಕಿವಿಯಲ್ಲಿ ಅಷ್ಟನ್ನೂ ಹೇಳಿದೆ. ಅವಳು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದಳು.

ಹೇಮಂತನ ಕತ್ತು ನನ್ನ ಮೊಬೈಲಿನ ಕಡೆ ಚಾಚಿತ್ತು. ನಾನು ಅದನ್ನು ಜೇಬಿಗಿಳಿಸಿದೆ.

“ಏನಂತಪ್ಪಾ ಹೊನ್ನೇಶ?” ಮಲ್ಲಿಕಾರ್ಜುನಪ್ಪನ ದನಿ ಈಗ ಬೆಣ್ಣೆ. “ಏನು ಬಂತು? ಹೇಳಪ್ಪಾ, ನಾವೇನು ಹೊರಗಿನವ್ರಾ?”

ಅವ್ವ ಮುಂದೆ, ನಾನು ಹಿಂದೆ. ಗುಂಡಿಗಳ ನಡುವೆ ಹಾದು ಬಂಡಿದಾರಿಯಲ್ಲೇ ಮನೆಗೆ ಹೋಗಬೇಕಿತ್ತು.

“ಲೇ, ಕೇಳ್ತಿರೋದು ನಿನ್ನೇ ಕಣೋ!”

ನಾನು ತಿರುಗಲಿಲ್ಲ.