ಕೂಲಿ ಉಳಿಸಿದ ಜಾಣ

ಗಲ್ಫಿನಲ್ಲಿ ಮೂರು ವರ್ಷ ದುಡಿದ ನರ್ಸಮ್ಮ ಊರಿಗೆ ಹೊರಡುವಾಗ ಬಯಸಿದ್ದು ಒಂದೇ: ಸ್ವಂತ ಸಂಬಳದಲ್ಲಿ ನಲವತ್ತು ಗ್ರಾಂನ ಒಂದು ಜೊತೆ ಬಳೆ. ಚಿನ್ನವೇನೋ ಅಲ್ಲಿ ಊರಿಗಿಂತ ಅಗ್ಗ. ಆದರೆ ಅಲ್ಲೇ ಗೋದಾಮಿನ ಲೆಕ್ಕ ಬರೆಯುತ್ತಿದ್ದ ಗಂಡ ಉಳಿತಾಯದಲ್ಲಿ ಸಾಕ್ಷಾತ್ ಬೃಹಸ್ಪತಿ.

"‘ಮೇಕಿಂಗ್ ಚಾರ್ಜು ಬಹಳ ಕಮ್ಮಿ ಮೇಡಂ’ ಅಂತೆ!" ಎಂದು ಅಲ್ಲಿನ ಒಡವೆ ಅಂಗಡಿಯವನ ರಾಗವನ್ನೇ ಎಳೆದ. "ಬಳೆಯ ತೂತಿಗೂ ಕೂಲಿ ಕೊಡ್ತೀಯೇನೇ? ನಾಣ್ಯ ತಗೊಳ್ಳೋಣ. ಬಳೆ ಊರಲ್ಲಿ ಮಾಡಿಸಿದ್ರಾಯ್ತು."

ಎಂಟು ಗ್ರಾಂನ ಐದು ನಾಣ್ಯಗಳು ಒಂದು ಡಬ್ಬಿಯಲ್ಲಿ ಅವಳ ಕೈಚೀಲ ಸೇರಿದವು. ವಿಮಾನ ಇಳಿದ ಮೇಲೆ ಕಸ್ಟಮ್ಸ್ ಕೌಂಟರಿನಲ್ಲಿ ಗಂಡ ಡಬ್ಬಿ ತೆರೆದಿಟ್ಟು, ಎದೆಯುಬ್ಬಿಸಿ ಹೇಳಿದ: "ಹೆಂಗಸರಿಗೆ ನಲವತ್ತು ಗ್ರಾಂ ಮಾಫಿ ಅಲ್ವಾ ಸಾರ್?"

"ಹೌದು ಸ್ವಾಮಿ, ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗೆ. ಆದ್ರೆ ಒಡವೆಗೆ ಮಾತ್ರ," ಎಂದರು ಅಧಿಕಾರಿ. "ನಾಣ್ಯಕ್ಕೆ ಪೂರ್ತಿ ಸುಂಕ ಕಟ್ಟಬೇಕು. ಇದೇ ಚಿನ್ನ ಅಮ್ಮನವರ ಕೈಯಲ್ಲಿ ಬಳೆಯಾಗಿದ್ದಿದ್ರೆ ಒಂದು ಕಾಸೂ ಬೇಡವಾಗಿತ್ತು."

ಗಂಡ ಕ್ಯಾಲ್ಕುಲೇಟರ್ ಒತ್ತಿದ. ಬೆಲೆಯ ವ್ಯತ್ಯಾಸವೆಲ್ಲ ಹೆಚ್ಚುಕಮ್ಮಿ ಸುಂಕಕ್ಕೇ ಹೋಗುತ್ತಿತ್ತು. ಅಕ್ಕಸಾಲಿಗೆ ಕೊಡಬೇಕಾದ ಕೂಲಿ ಹಾಗೇ ಉಳಿದಿತ್ತು. ಊರಿನ ಅಂಗಡಿಯೇ ವಾಸಿಯಾಗಿತ್ತು.

"ಬಳೆ ಮಾಡಿಸೋದು ಮುಂದಿನ ವರ್ಷ ನೋಡೋಣ ಕಣೇ," ಎಂದ, ಮೆಲ್ಲಗೆ.

ನರ್ಸಮ್ಮ ಸುಂಕ ಕಟ್ಟಿದ ರಸೀದಿಯನ್ನು ಉದ್ದಕ್ಕೆ ಮಡಚಿ, ಬರಿಯ ಮಣಿಕಟ್ಟಿಗೆ ಸುತ್ತಿಕೊಂಡಳು.

"ಚೆನ್ನಾಗಿದೆ ಅಲ್ವೇನ್ರೀ?" ಎಂದು ಅಂಗಡಿಯವನ ರಾಗದಲ್ಲೇ ಕೈ ತಿರುಗಿಸಿ ತೋರಿಸಿದಳು. "ಮೇಕಿಂಗ್ ಚಾರ್ಜೇ ಇಲ್ಲ!"

ಆಮೇಲೆ ನಾಣ್ಯದ ಡಬ್ಬಿಯನ್ನು ಮತ್ತೆ ತನ್ನ ಚೀಲಕ್ಕೆ ಹಾಕಿಕೊಂಡು, ಹೊರಗೆ ಬಂದು ಟ್ಯಾಕ್ಸಿಯವನಿಗೆ ಅಕ್ಕಸಾಲಿಯ ವಿಳಾಸ ಹೇಳಿದಳು.