ಎಡಗಿವಿಗೆ ಬಿದ್ದ ಬಳ್ಳೊಳ್ಳಿ ಎಣ್ಣೆ

ನಾಳೆ ಹಾವೇರಿಯಲ್ಲಿ ಪೊಲೀಸ್ ನೇಮಕಾತಿಯ ವೈದ್ಯಕೀಯ ತಪಾಸಣೆ. ಇವತ್ತು ಬೆಳಗ್ಗೆ ಎದ್ದು ಇಯರ್‌ಬಡ್ ಹಾಕಿಕೊಂಡರೆ ವಿದ್ಯಾಶ್ರೀಯ ಬಲಗಿವಿಯಲ್ಲಿ ಸುದ್ದಿ ಗಡಗಡ ಕೇಳುತ್ತಿತ್ತು, ಎಡಗಿವಿಯಲ್ಲಿ ಒಂದು ಸೊಲ್ಲೂ ಇಲ್ಲ.

ಹೆದರುವವರ ಮೇಲೆ ಕಪ್ಪೆ ಎಸೆದರಂತೆ. ಅವ್ವ ಅಡಿವೆವ್ವನ ಎಡಗಿವಿ ಸಣ್ಣಂದಿನಲ್ಲೇ ಸೋರಿ ಸೋರಿ ಕಿವುಡಾಗಿತ್ತು. ಈಗ ಮಗಳ ಪಾಳಿ ಬಂತೇ? ಎರಡು ದಿನದಿಂದ ಎಡಗಿವಿ ನವೆಯಾಗುತ್ತಿತ್ತು, ನಿನ್ನೆಯಿಂದ ಮಂದ ಬೇರೆ ಆಗಿತ್ತು. ಬಡ್‌ನ ತಪ್ಪಿರಬಹುದೆಂದು ಅವಳೂ ನೋಡಿದಳು. ಮೊಬೈಲಿನಲ್ಲಿ ಎರಡರ ಚಾರ್ಜೂ ಎಂಬತ್ತು ತೋರಿಸುತ್ತಿತ್ತು. ಡಬ್ಬಿಯಲ್ಲಿಟ್ಟು ತೆಗೆದಳು, ಬ್ಲೂಟೂತ್ ಆರಿಸಿ ಹಚ್ಚಿದಳು. ಎಡಗಡೆ ಅದೇ ಮೌನ. ಎರಡು ವರ್ಷ ಓಡಿ ಓಡಿ ಕಾಲು ಸವೆಸಿದ್ದು ಒಂದು ಕಿವಿಯಲ್ಲಿ ನೀರಾಗಿ ಹೋಗುತ್ತದಲ್ಲ ಎಂದು ಅವಳಿಗೆ ಅಳುವೇ ಬಂತು. ಅವ್ವನಿಗೆ ಹೇಳಲಿಲ್ಲ.

ಅಡಿವೆವ್ವ ಹಾನಗಲ್ ಬಸ್ ಸ್ಟ್ಯಾಂಡಿನ ಎದುರು ಸವಣೂರು ವೀಳ್ಯದೆಲೆ ಮಾರುವವಳು. ಬುಟ್ಟಿ ಹೊತ್ತು ಇಬ್ಬರೂ ಹೊರಟರು. ಅವ್ವನ ಒಳ್ಳೆಯ ಕಿವಿ ಬಲಗಡೆಯದು, ಹಾಗಾಗಿ ಮಗಳು ಯಾವಾಗಲೂ ಅವಳ ಬಲಕ್ಕೇ ನಡೆಯಬೇಕು. ಎಡಗಡೆಯದನ್ನು ಡಬ್ಬಿಗೆ ಹಾಕಿದ್ದರೂ ವಿದ್ಯಾ ಬಲಗಿವಿಯ ಬಡ್ ತೆಗೆದಿರಲೇ ಇಲ್ಲ. ಅದನ್ನಾದರೂ ಕಳೆದುಕೊಳ್ಳಬಾರದೆಂಬಂತೆ ಜೋರಾಗಿ ಹಚ್ಚಿಕೊಂಡು ನಡೆಯುತ್ತಿದ್ದಳು. ದಾರಿಯಲ್ಲಿ ಅವ್ವ ಏನೋ ಗೊಣಗಿದಳು.

"ಸುಣ್ಣ ತೀರೇತಿ ಯವ್ವಾ. ಬರೂವಾಗ ಒಂದು ಡಬ್ಬಿ ತೊಗೊಂಡ ಬಾ."

"ಹೂಂ, ತರ್ತೇನಿ," ಎಂದಳು ವಿದ್ಯಾ. ಅವಳ ಧ್ಯಾನವೆಲ್ಲ ನಾಳೆಯ ಡಾಕ್ಟರ ಮೇಲಿತ್ತು. ಅವ್ವನನ್ನು ಕೂರಿಸಿ ನೆಟ್ಟಗೆ ಜಾವೇದನ ಮೊಬೈಲ್ ಅಂಗಡಿಗೆ ಹೋದಳು. ಬಡ್ ಕೆಟ್ಟಿದೆ ಎಂದು ಅವನೊಬ್ಬ ಹೇಳಿಬಿಟ್ಟರೆ ಸಾಕಾಗಿತ್ತು.

ಜಾವೇದ ಅವಸರದ ಮನುಷ್ಯನಲ್ಲ. ಡಬ್ಬಿಯೊಳಗಿನ ಚಾರ್ಜಿನ ಪಿನ್ನುಗಳನ್ನು ನೋಡಿದ, ಸ್ವಚ್ಛವಿದ್ದವು. ಮೊಬೈಲಿನ ಸೆಟ್ಟಿಂಗಿನಲ್ಲಿ ಸದ್ದು ಒಂದೇ ಕಡೆ ವಾಲಿದೆಯೇ ಎಂದು ನೋಡಿದ, ಗೆರೆ ನಡುವೆಯೇ ಇತ್ತು. ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿದ. ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ.

"ಅಕ್ಕಾರ, ಎಡಗಡೀದು ಬಲಗಿವಿಗಿ ಹಿಡೀರಿ. ಸರಿ ಕೂಡೂದಿಲ್ಲ, ಕೈಲೆ ಒತ್ತಿ ಹಿಡ್ಕೋರಿ."

ಹಿಡಿದಳು. ಒಳ್ಳೆಯ ಕಿವಿಯಲ್ಲೂ ಅದು ಮೂಕ.

"ಹಂಗಾರ ಖೋಡಿ ಬಡ್ದಾಗ ಐತಿ. ಈಗ ಬಲಗಡೀದು ಎಡಗಿವಿಗಿ ಹಿಡೀರಿ."

ವಿದ್ಯಾಶ್ರೀಯ ಕೈ ಮೇಲೇಳಲಿಲ್ಲ. ಬಡ್ ಕೆಟ್ಟಿದ್ದರೆ ಕಿವಿಯೂ ಕೆಡಬಾರದೆಂದೇನಿದೆ? ಇದೊಂದು ಕೇಳಿಸದಿದ್ದರೆ ನಾಳೆಯ ಬಸ್ಸಿಗೇ ಅರ್ಥವಿಲ್ಲ.

"ಯಾಕ್ರೀ?"

"ಅಣ್ಣಾರ, ನನ್ನ ಕಿವೀನ ಹೋಗಿತ್ತಂದ್ರ?"

ಜಾವೇದ ನಗಲಿಲ್ಲ. "ನೋಡಬೇಕಾ ಬ್ಯಾಡಾ?" ಎಂದ.

ಕಣ್ಣು ಮುಚ್ಚಿ ಒತ್ತಿ ಹಿಡಿದಳು. ಒಳಗೆ ಹೆಂಗಸೊಬ್ಬಳು ಮಂದವಾಗಿ, ಆದರೆ ಒಂದಕ್ಷರ ಬಿಡದೆ, ಸುದ್ದಿ ಓದುತ್ತಿದ್ದಳು. ವಿದ್ಯಾ ಸ್ಟೂಲಿನ ಮೇಲೆ ಕುಂತುಬಿಟ್ಟಳು.

ಜಾವೇದ ಎಡ ಬಡ್‌ನ ರಬ್ಬರ್ ಕಳಚಿ ಭೂತಗನ್ನಡಿಯಲ್ಲಿ ನೋಡಿದ. ಜಾಳಿಗೆಯ ಮೇಲೆ ಹಳದಿ ಜಿಡ್ಡು ಮೆತ್ತಿ ಒಂದು ತೂತೂ ಕಾಣುತ್ತಿರಲಿಲ್ಲ. ಮೂಗಿಗೆ ಹಿಡಿದು ಮುಖ ಕಿವುಚಿದ.

"ಏನ್ರೀ ಇದು, ಬಳ್ಳೊಳ್ಳಿ ವಗ್ಗರಣಿ ವಾಸನಿ?"

ಆಗ ಹೊಳೆಯಿತು. ನವೆ ಎಂದದ್ದೇ ತಡ, ಅವ್ವ ಮೊನ್ನೆಯೂ ನಿನ್ನೆಯೂ ಬಳ್ಳೊಳ್ಳಿ ಕಾಸಿದ ಎಣ್ಣೆ ಬಿಟ್ಟಿದ್ದಳು. ಅದರ ಮೇಲೇ ಇವಳು ಬಡ್ ತುರುಕಿಕೊಂಡು ಓಡಲು ಹೋಗಿದ್ದಳು. ಎಣ್ಣೆ ಕಿವಿಯ ಗುಗ್ಗೆಯನ್ನೂ ಕರಗಿಸಿ ಕರೆತಂದು ಜಾಳಿಗೆ ಮುಚ್ಚಿತ್ತು. ಕಿವಿ ಮಂದವಾದದ್ದೂ ಅದರಿಂದಲೇ ಇರಬೇಕು.

ಜಾವೇದ ಜಾಳಿಗೆಯನ್ನು ಕೆಳಮುಖವಾಗಿ ಹಿಡಿದು ಮೆತ್ತನೆಯ ಒಣ ಬ್ರಶ್ಶಿನಿಂದ ಉಜ್ಜಿದ, ಜಿಡ್ಡು ಒಳಗಿಳಿಯದೆ ಹೊರಗೇ ಉದುರಲೆಂದು. "ಸೂಜಿ ಚುಚ್ಚಬ್ಯಾಡ್ರಿ, ನೀರ ಹಾಕಬ್ಯಾಡ್ರಿ. ಕಿವ್ಯಾಗ ಎಣ್ಣೀನೂ ಸಾಕ ಮಾಡ್ರಿ, ಡಾಕ್ಟರಗೆ ತೋರಸ್ರಿ," ಎಂದು ಕೊಟ್ಟ. ಎರಡೂ ಮಾತಾಡಿದವು. ಎಡಗಡೆಯದು ಇನ್ನೂ ತುಸು ಮೆಲ್ಲಗಿತ್ತು, ಇರಲಿ.

ಅವಳು ಓಡುತ್ತಲೇ ಅವ್ವನ ಬುಟ್ಟಿಯ ಬಳಿ ಬಂದು ಎಲ್ಲ ಒದರಿದಳು. ಅವ್ವನನ್ನು ಬೈಯಬೇಕೆಂದಿದ್ದಳು, ಬರಲಿಲ್ಲ. "ಮುಂಜಾನಿಂದ ಜೀವ ಬಾಯಿಗೆ ಬಂದಿತ್ತ ಬೇ! ನಿನ್ನಂಗ ನನ್ನ ಎಡಗಿವೀನೂ ಹೋತ ಅಂತ."

ಅಡಿವೆವ್ವ ಎಲೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. "ಸುಣ್ಣ ಎಲ್ಲೇತಿ?"

"ಅಯ್ಯ, ಮರತೆ!"

"ತರ್ತೇನಿ ಅಂದಿದ್ದಿ. ನಿನ್ನ ಬಲಗಿವ್ಯಾಗ ಆ ಬಡ್ ಒದರಾಕತ್ತಿತ್ತು. ನಾ ನಿನ್ನ ಎಡಕ್ಕಿದ್ದೆ. ಸುಣ್ಣ ಅಂದದ್ದು ಯಾವ ಕಿವ್ಯಾಗ ಕೇಳ್ತ ಹುಚ್ಚಿ?"

ವಿದ್ಯಾಶ್ರೀಯ ಕೈ ಎಡಗಿವಿಗೆ ಹೋಯಿತು.

"ಹೋಗು," ಎಂದಳು ಅವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಮದ್ಲ ಸುಣ್ಣ ತಾ."