ಹಸಿರು ದಾರ

ಹೋಟೆಲಿನ ಲಾಂಡ್ರಿಯಲ್ಲಿ ಬೆಡ್‌ಶೀಟಿನ ಒಂದು ತುದಿಯನ್ನು ಜೊತೆಯ ಕೆಲಸದ ಅಕ್ಕ, ಇನ್ನೊಂದನ್ನು ನಾನು ಹಿಡಿದು ಮಡಚುತ್ತಿದ್ದೆವು. ಮಹಡಿಗೊಂದು ಬಣ್ಣದ ದಾರವನ್ನು ಶೀಟುಗಳ ಮೂಲೆಗೆ ಹೊಲಿದವಳು ನಾನು. ಆಮೇಲೆ ಅವು ಅದಲುಬದಲಾಗಿಲ್ಲ.

ಬೆಳಗಿನ ಮೀಟಿಂಗಿನಲ್ಲಿ ಸೂಪರ್‌ವೈಸರ್ ಅದನ್ನು ಮೆಚ್ಚಿಕೊಂಡಾಗ ಅಕ್ಕ ಎಂದಿನಂತೆ, "ನಂಗೇ ಹೊಳೀತು ಸರ್," ಎಂದಿದ್ದಳು.

"ಮೂರನೇ ಮಹಡಿಗೆ ಯಾವ ಬಣ್ಣ?" ಎಂದು ಅವರು ಕೇಳಿದರು.

ಅಕ್ಕ ತಡವರಿಸಿ ನನ್ನತ್ತ ನೋಡಿದಳು. ನಾನು ಸುಮ್ಮನಿದ್ದರೆ ಸಾಕಿತ್ತು, ಅವಳ ಸುಳ್ಳು ಬಯಲಾಗುತ್ತಿತ್ತು. ಆದರೂ "ಹಸಿರು," ಎಂದು ಹೇಳಿಕೊಟ್ಟೆ.

"ನೋಡ್ರಪ್ಪ, ಅಕ್ಕನ ಬಾಲಾನೂ ಕಲ್ತುಬಿಟ್ಟಿದೆ," ಎಂದ ಇಸ್ತ್ರಿಯವನು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದು ಈಗ ಮುಖವೆತ್ತಲಾಗುತ್ತಿರಲಿಲ್ಲ.

ತುದಿಗೆ ತುದಿ ಸೇರಿಸಲು ಹತ್ತಿರ ಹೋದಾಗ, ಶೀಟನ್ನೇ ನೋಡುತ್ತ ಹೇಳಿದೆ: "ಅಕ್ಕಾ, ದಾರ ಹಾಕಿದ್ದು ನಾನು ಅಂತ ನಾಳೆ ಮೀಟಿಂಗಲ್ಲಿ ನೀನೇ ಹೇಳು."

ಅಕ್ಕ ಇನ್ನೊಂದು ಶೀಟನ್ನು ಕೊಡವಿದಳು.